ಹಪ್ಪಳದ ಕಟ್ಟಿಗೆ ಮೂವತ್ತು ರೂಪಾಯಿ ಏರಿಸಿದ ಮೇಲೆ

(ಸಾಗರದಲ್ಲಿ, ಮನೆಯಲ್ಲೇ ತಿಂಡಿ ತಿನಿಸು ಮಾಡಿ ಮಾರುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಂಚಿನ ಮೇಲೆ ಮಳೆ ಸದ್ದು ಜೋರಾಗಿದೆ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ, ಇವತ್ತು ಬೋರ್ಡಿನ ಮೇಲೆ ಅಂಕಿಗಳನ್ನು ನೋಡಬೇಕಾಗುತ್ತದೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಬೇರೇನೋ ಮಾತಾಡಬೇಕು ಅಂತ ತಯಾರಾಗಿದ್ದೆ. ಹೋದ ವಾರ ನಿಮ್ಮಲ್ಲೇ ಒಬ್ಬ ಅಕ್ಕ ತಮ್ಮ ಲೆಕ್ಕದ ಪುಸ್ತಕ ತಂದು ತೋರಿಸಿದರು. ಅದನ್ನು ನೋಡಿದ ಮೇಲೆ ಆ ತಯಾರಿಯನ್ನು ಪಕ್ಕಕ್ಕಿಟ್ಟೆ. ಅವರ ಒಪ್ಪಿಗೆ ತಗೊಂಡು ಆ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ.

ಅಕ್ಕ ಮಾಡುವುದು ಹಲಸಿನ ಹಪ್ಪಳ. ಐವತ್ತು ಹಪ್ಪಳದ ಒಂದು ಕಟ್ಟು. ಜೂನ್ ತಿಂಗಳಲ್ಲಿ ಕಟ್ಟಿಗೆ 120 ರೂಪಾಯಿಯಂತೆ 200 ಕಟ್ಟು ಮಾರಿದರು. ಮೆಣಸಿನಪುಡಿ, ಕೂಲಿ ಎಲ್ಲ ಜಾಸ್ತಿ ಆಯಿತು ಅಂತ ಜುಲೈ ಒಂದನೇ ತಾರೀಕಿನಿಂದ 150 ಮಾಡಿದರು. ಆ ತಿಂಗಳು 158 ಕಟ್ಟು ಹೋಯಿತು.

ಅವರ ಮಗ ಲೆಕ್ಕ ಹಾಕಿದ. ಬೆಲೆ ಏರಿದ್ದು ನೂರಕ್ಕೆ 25. ಮಾರಾಟ ಇಳಿದದ್ದು ನೂರಕ್ಕೆ 21. ಏರಿದ್ದು ಜಾಸ್ತಿ, ಇಳಿದದ್ದು ಕಮ್ಮಿ, ಹಾಗಾಗಿ ದುಡ್ಡು ಜಾಸ್ತಿ ಬಂದಿರಲೇಬೇಕು ಅಂದ. ಆದರೆ ಪುಸ್ತಕದಲ್ಲಿ ಹಾಗಿಲ್ಲ. ಜೂನ್‌ನಲ್ಲಿ 200 ಕಟ್ಟಿಗೆ 24,000 ರೂಪಾಯಿ. ಜುಲೈನಲ್ಲಿ 158 ಕಟ್ಟಿಗೆ 23,700. ಮುನ್ನೂರು ರೂಪಾಯಿ ಕಮ್ಮಿ.

"ಮೇಷ್ಟ್ರೇ, ಈ ಮುನ್ನೂರು ಎಲ್ಲಿ ಹೋಯ್ತು? ಮಗನ ಲೆಕ್ಕ ತಪ್ಪಾ, ನನ್ನ ಪುಸ್ತಕ ತಪ್ಪಾ?" ಅಂತ ಕೇಳಿದರು.

ತುಂಬ ಒಳ್ಳೆಯ ಪ್ರಶ್ನೆ. ಮಗನ ಗುಣಾಕಾರ ಭಾಗಾಕಾರ ಸರಿಯಾಗಿದೆ. ಪುಸ್ತಕವೂ ಸರಿಯಾಗಿದೆ. ತೊಂದರೆ ಇರುವುದು ನೂರಕ್ಕೆ ಇಷ್ಟು ಅನ್ನುವುದನ್ನು ಯಾವುದರ ಮೇಲೆ ಲೆಕ್ಕ ಹಾಕಿದ ಅನ್ನುವುದರಲ್ಲಿ.

ಮೊದಲು ದುಡ್ಡಿನ ದಾರಿಯನ್ನೇ ಹಿಡಿದು ಹೋಗೋಣ. ಬೆಲೆ ಏರಿಸಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, 42 ಕಟ್ಟಿನ ಗಿರಾಕಿ ಬಿಟ್ಟುಹೋದರು. ಅವರಿಂದ ಹಿಂದೆ ಕಟ್ಟಿಗೆ 120 ಬರುತ್ತಿತ್ತು. 42 ಸಲ 120 ಅಂದರೆ 5,040 ರೂಪಾಯಿ ಹೋಯಿತು. ಇನ್ನೊಂದು, ಉಳಿದವರು ಕಟ್ಟಿಗೆ 30 ರೂಪಾಯಿ ಹೆಚ್ಚಿಗೆ ಕೊಟ್ಟರು. ಉಳಿದದ್ದು ಎಷ್ಟು ಕಟ್ಟು? 158. ಹಾಗಾಗಿ 158 ಸಲ 30, ಅಂದರೆ 4,740 ರೂಪಾಯಿ ಬಂತು. ಹೋದದ್ದರಲ್ಲಿ ಬಂದದ್ದು ಕಳೆದರೆ 300. ಅಕ್ಕ ಹುಡುಕುತ್ತಿದ್ದ ಮುನ್ನೂರು ಇದೇ.

ಮಗ ಜಾರಿದ್ದು ಎಲ್ಲಿ ಅಂತ ಈಗ ಕಾಣುತ್ತದೆ. ನೂರಕ್ಕೆ 25 ಜಾಸ್ತಿ ಅಂದಾಗ ಆ ಹೆಚ್ಚಿನ ದುಡ್ಡು 200 ಕಟ್ಟಿಗೂ ಬಂತು ಅನ್ನುವ ಹಾಗೆ ಮನಸ್ಸು ಎಣಿಸುತ್ತದೆ. ಬಂದದ್ದು ಉಳಿದುಕೊಂಡ 158 ಕಟ್ಟಿಗೆ ಮಾತ್ರ. ಬಿಟ್ಟುಹೋದವರು ಹೊಸ ಬೆಲೆ ಕೊಡಲೇ ಇಲ್ಲ ಅಲ್ವಾ?

ಮಾರಾಟ ನೂರಕ್ಕೆ ಎಷ್ಟು ಬದಲಾಯಿತು ಅನ್ನುವುದನ್ನು ಬೆಲೆ ನೂರಕ್ಕೆ ಎಷ್ಟು ಬದಲಾಯಿತು ಅನ್ನುವುದರಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಪಿಯುಸಿ ಪುಸ್ತಕದಲ್ಲಿ ಇದಕ್ಕೆ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಅನ್ನುವ ಉದ್ದದ ಹೆಸರಿದೆ. ನಾವು ಎಲಾಸ್ಟಿಸಿಟಿ ಅನ್ನೋಣ. ಆಲ್‌ಫ್ರೆಡ್ ಮಾರ್ಷಲ್ ಅನ್ನುವ ಇಂಗ್ಲೆಂಡಿನ ಪ್ರೊಫೆಸರ್ 1890ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದ ಮೇಲೆ ಅರ್ಥಶಾಸ್ತ್ರದಲ್ಲಿ ಈ ಮಾತು ನೆಲೆ ನಿಂತಿತು. ಬೆಲೆ ಏರಿದರೆ ಮಾರಾಟ ಇಳಿಯುವುದರಿಂದ ಈ ಅಂಕಿ ಮೈನಸ್‌ನಲ್ಲಿ ಬರುತ್ತದೆ. ಆ ಮೈನಸ್ ಗುರುತನ್ನು ಬಿಟ್ಟು ಮಾತಾಡುವುದು ರೂಢಿ.

ಒಟ್ಟು ಆದಾಯಕ್ಕೂ ಇದಕ್ಕೂ ಇರುವ ನಂಟು ಹೀಗಿದೆ. ಅಂಕಿ 1ಕ್ಕಿಂತ ಕಮ್ಮಿ ಇದ್ದರೆ, ಬೆಲೆ ಏರಿಸಿದಾಗ ಒಟ್ಟು ಬರುವ ದುಡ್ಡು ಏರುತ್ತದೆ. 1ಕ್ಕಿಂತ ಜಾಸ್ತಿ ಇದ್ದರೆ ಇಳಿಯುತ್ತದೆ. ಸರಿಯಾಗಿ 1 ಇದ್ದರೆ ಇದ್ದಲ್ಲೇ ಇರುತ್ತದೆ. ಮಗನ ಲೆಕ್ಕದಲ್ಲಿ 21ನ್ನು 25ರಿಂದ ಭಾಗಿಸಿದರೆ 0.84. ಒಂದಕ್ಕಿಂತ ಕಮ್ಮಿ. ಅಂದರೆ ದುಡ್ಡು ಏರಬೇಕಿತ್ತು, ಆದರೆ ಇಳಿಯಿತು. ಹಾಗಾದರೆ ನಿಯಮವೇ ಸುಳ್ಳಾ?

ಇಲ್ಲ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅಕ್ಕ 150ರಿಂದ 120ಕ್ಕೆ ಇಳಿಸಿದರು, ಮಾರಾಟ 158ರಿಂದ 200ಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಆಗ ಬೆಲೆ ಇಳಿದದ್ದು ನೂರಕ್ಕೆ 20. ಮಾರಾಟ ಏರಿದ್ದು ನೂರಕ್ಕೆ 26.6. ಭಾಗಿಸಿದರೆ 1.33. ಅದೇ ಎರಡು ಬೆಲೆ, ಅದೇ ಎರಡು ಮಾರಾಟ. ಹತ್ತುವಾಗ 0.84, ಇಳಿಯುವಾಗ 1.33. ಆಗುಂಬೆ ಘಾಟಿಯನ್ನು ಹತ್ತುವಾಗ ಒಂದು ಎತ್ತರ, ಇಳಿಯುವಾಗ ಇನ್ನೊಂದು ಎತ್ತರ ಅಂದ ಹಾಗಾಯಿತು. ಅಳೆಯುವ ಕೋಲು ಎಲ್ಲಿಂದ ಶುರುವಾಗುತ್ತದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತಿದೆ. ಬದಲಾವಣೆ ಒಂದೆರಡು ರೂಪಾಯಿಯದ್ದಾದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಮ್ಮಂಥವರು ಬೆಲೆ ಏರಿಸುವಾಗ 120ರಿಂದ ಒಂದೇ ಸಲ 150ಕ್ಕೆ ಹಾರುತ್ತೇವೆ. ಅದಕ್ಕೇ ಇದು ದೊಡ್ಡದಾಗುತ್ತದೆ.

ಪರಿಹಾರ ಸರಳ. ಶುರುವಿನ ಅಂಕಿಯಿಂದಲೂ ಬೇಡ, ಕೊನೆಯದರಿಂದಲೂ ಬೇಡ, ಎರಡರ ಸರಾಸರಿಯಿಂದ ಭಾಗಿಸಿ. ಇದನ್ನು ಮಧ್ಯಬಿಂದು ಲೆಕ್ಕ ಅನ್ನುತ್ತಾರೆ. ಬೋರ್ಡಿನ ಮೇಲೆ ಬರೆಯುತ್ತೇನೆ.

ಮಾರಾಟದ ಬದಲಾವಣೆ = ಮಾರಾಟದ ವ್ಯತ್ಯಾಸ ÷ ಎರಡು ಮಾರಾಟಗಳ ಸರಾಸರಿ
ಬೆಲೆಯ ಬದಲಾವಣೆ = ಬೆಲೆಯ ವ್ಯತ್ಯಾಸ ÷ ಎರಡು ಬೆಲೆಗಳ ಸರಾಸರಿ
ಎಲಾಸ್ಟಿಸಿಟಿ = ಮಾರಾಟದ ಬದಲಾವಣೆ ÷ ಬೆಲೆಯ ಬದಲಾವಣೆ

ಅಕ್ಕನ ಅಂಕಿ ಹಾಕೋಣ. 200 ಮತ್ತು 158ರ ಸರಾಸರಿ 179. ವ್ಯತ್ಯಾಸ 42. ಭಾಗಿಸಿದರೆ ನೂರಕ್ಕೆ 23.5. ಬೆಲೆಯಲ್ಲಿ 120 ಮತ್ತು 150ರ ಸರಾಸರಿ 135. ವ್ಯತ್ಯಾಸ 30. ಭಾಗಿಸಿದರೆ ನೂರಕ್ಕೆ 22.2. ಈಗ 23.5ನ್ನು 22.2ರಿಂದ ಭಾಗಿಸಿ. 1.06. ಒಂದಕ್ಕಿಂತ ಸ್ವಲ್ಪವೇ ಸ್ವಲ್ಪ ಜಾಸ್ತಿ. ಹಾಗಾಗಿ ದುಡ್ಡು ಸ್ವಲ್ಪವೇ ಸ್ವಲ್ಪ ಇಳಿಯಬೇಕು. ಇಳಿದದ್ದೂ 24,000ಕ್ಕೆ ಬರೀ 300. ಹತ್ತಿದರೂ ಇಳಿದರೂ ಇದೇ 1.06 ಬರುತ್ತದೆ.

ಈ ಲೆಕ್ಕದ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಯಾಕೆ ಅಂತ ಹೇಳುತ್ತೇನೆ. ಮಧ್ಯಬಿಂದು ಸುಮ್ನೆ ಒಂದು ರಾಜಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಎರಡು ಬೆಲೆಗಳ ನಡುವೆ ಎಷ್ಟೇ ದೂರ ಇರಲಿ, ಈ ಅಂಕಿ 1ರ ಯಾವ ಬದಿಗೆ ಬೀಳುತ್ತದೆ ಅನ್ನುವುದೂ ಒಟ್ಟು ಆದಾಯ ಏರಿತಾ ಇಳಿಯಿತಾ ಅನ್ನುವುದೂ ಯಾವತ್ತೂ ತಾಳೆಯಾಗುತ್ತವೆ. ಸಮೀಕರಣವನ್ನು ಅಡ್ಡ ಗುಣಾಕಾರ ಮಾಡಿ ಬಿಡಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಒಂದೇ ಹೋಲಿಕೆ. ಹಳೆಯ ಬೆಲೆ ಗುಣಿಸು ಹಳೆಯ ಮಾರಾಟ ದೊಡ್ಡದೋ, ಹೊಸ ಬೆಲೆ ಗುಣಿಸು ಹೊಸ ಮಾರಾಟ ದೊಡ್ಡದೋ. ಕಾಲೇಜು ಓದುವ ಮಕ್ಕಳು ಇಲ್ಲಿದ್ದರೆ ಮನೆಗೆ ಹೋಗಿ ಬಿಡಿಸಿ ನೋಡಿ, ನಾಲ್ಕು ಸಾಲಿನ ಕೆಲಸ.

ಇಲ್ಲಿಗೆ ಮುನ್ನೂರು ರೂಪಾಯಿ ಸಿಕ್ಕಿತು. ಅಕ್ಕ ಪುಸ್ತಕ ಮುಚ್ಚಿ, "ಹಾಗಾದ್ರೆ ವಾಪಸ್ 120ಕ್ಕೆ ಇಳಿಸ್ತೀನಿ" ಅಂದರು. ನಾನು ತಡೆದೆ. ಆ 42 ಕಟ್ಟು ಕಮ್ಮಿಯಾದದ್ದು ಪೂರ್ತಿ ಬೆಲೆಯಿಂದಲೇ ಅಂತ ನಮಗೆ ಹೇಗೆ ಗೊತ್ತು?

ಜುಲೈ ಅಂದರೆ ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪೇಟೆಗೆ ಬರುವವರೇ ಕಮ್ಮಿ. ಬೆಲೆ 120 ಇದ್ದಿದ್ದರೂ ಆ ತಿಂಗಳು 200 ಕಟ್ಟು ಹೋಗುತ್ತಿತ್ತಾ? ಎಲಾಸ್ಟಿಸಿಟಿ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಇದೇ. ಬೆಲೆ ಒಂದನ್ನು ಬಿಟ್ಟು ಬೇರೆ ಯಾವುದೂ ಬದಲಾಗಿಲ್ಲ ಅಂತ ಆ ಸೂತ್ರ ನಂಬಿಕೊಂಡಿರುತ್ತದೆ. ಮಳೆ, ಹಬ್ಬ, ಸಂಬಳದ ವಾರ ಯಾವುದೂ ಅದಕ್ಕೆ ಗೊತ್ತಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆ ತಿಂಗಳು ಬೆಲೆ ಏರಿಸಿ ನೋಡಿದರೆ ಮಾರಾಟವೂ ಏರಿರುತ್ತದೆ. ಬೆಲೆ ಏರಿದ್ದಕ್ಕೇ ಜನ ಜಾಸ್ತಿ ತಗೊಂಡರು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಲೆಕ್ಕದಲ್ಲಿ ಅಂಥ ವಿಚಿತ್ರ ಉತ್ತರ ಬಂದರೆ, ಬೇರೇನೋ ಸೇರಿಕೊಂಡಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಜುಲೈ ಮಳೆಯ ಮೋಸ ಹಾಗೆ ಕಾಣುವುದಿಲ್ಲ. ಮಾರಾಟ ಇಳಿಯುತ್ತದೆ, ನಾವು ಬೆಲೆಯ ಮೇಲೆ ಹೊರಿಸಿಬಿಡುತ್ತೇವೆ.

ಇದನ್ನು ಬೇರೆ ಮಾಡುವ ಉಪಾಯ ಅಕ್ಕನ ಪುಸ್ತಕದಲ್ಲೇ ಇತ್ತು. ಅವರು ಅದೇ ಅಂಗಡಿಗಳಿಗೆ ಅಕ್ಕಿ ಸಂಡಿಗೆಯನ್ನೂ ಕೊಡುತ್ತಾರೆ. ಸಂಡಿಗೆಯ ಬೆಲೆ ಎರಡೂ ತಿಂಗಳು ಒಂದೇ. ಜೂನ್‌ನಲ್ಲಿ 120 ಪ್ಯಾಕೆಟ್ ಹೋಗಿತ್ತು, ಜುಲೈನಲ್ಲಿ 114. ನೂರಕ್ಕೆ 5 ಕಮ್ಮಿ. ಸಂಡಿಗೆ ಕೊಳ್ಳುವವರೂ ಹಪ್ಪಳ ಕೊಳ್ಳುವವರೂ ಹೆಚ್ಚುಕಮ್ಮಿ ಒಂದೇ ಜನ. ಹಾಗಾಗಿ ಬೆಲೆ ಮುಟ್ಟದೇ ಇದ್ದಿದ್ದರೂ ಹಪ್ಪಳ ನೂರಕ್ಕೆ 5ರಷ್ಟು ಇಳಿದು, 200ರ ಬದಲು 190 ಕಟ್ಟು ಹೋಗುತ್ತಿತ್ತು ಅಂತ ಎಣಿಸಬಹುದು. ಹತ್ತು ಕಟ್ಟು ಮಳೆಯ ಲೆಕ್ಕಕ್ಕೆ. ಬೆಲೆಯ ಲೆಕ್ಕಕ್ಕೆ ಬರುವುದು 32 ಮಾತ್ರ.

ಈಗ ಮತ್ತೆ ಹಾಕಿ. 190 ಮತ್ತು 158ರ ಸರಾಸರಿ 174. ವ್ಯತ್ಯಾಸ 32. ನೂರಕ್ಕೆ 18.4. ಬೆಲೆಯ ಬದಲಾವಣೆ ಮೊದಲಿನದೇ 22.2. ಭಾಗಿಸಿದರೆ 0.83. ಒಂದಕ್ಕಿಂತ ಕಮ್ಮಿ! ತೀರ್ಪೇ ತಿರುಗಿತು. 120ರಲ್ಲೇ ಇದ್ದಿದ್ದರೆ ಜುಲೈನಲ್ಲಿ 190 ಕಟ್ಟಿಗೆ 22,800 ಬರುತ್ತಿತ್ತು. 150 ಮಾಡಿದ್ದಕ್ಕೆ 23,700 ಬಂತು. ಬೆಲೆ ಏರಿಸಿದ್ದರಿಂದ 900 ರೂಪಾಯಿ ಜಾಸ್ತಿ ಆಗಿದೆ, ಮಳೆ ಅದನ್ನು ಮುಚ್ಚಿಹಾಕಿತ್ತು ಅಷ್ಟೇ.

ಅಂದರೆ ಮಗ ಹೇಳಿದ್ದೇ ಸರಿಯಾಯಿತಲ್ಲ ಅನ್ನಬಹುದು. ಅವನ ಉತ್ತರ 0.84, ನಮ್ಮದು 0.83. ಆದರೆ ಅವನು ಎರಡು ತಪ್ಪು ಮಾಡಿದ್ದ, ಒಂದು ಉತ್ತರವನ್ನು ಕೆಳಗೆ ಎಳೆಯಿತು, ಇನ್ನೊಂದು ಮೇಲೆ ತಳ್ಳಿತು, ಎರಡೂ ಒಂದನ್ನೊಂದು ಹೊಡೆದು ಹಾಕಿದವು. ಮುಂದಿನ ಸಲ ಎರಡೂ ಒಂದೇ ಕಡೆಗೆ ಎಳೆಯಬಹುದು. ಸಂಡಿಗೆಯ ಉಪಾಯಕ್ಕೂ ಮಿತಿ ಇದೆ. ಹಪ್ಪಳ ದುಬಾರಿಯಾಯಿತು ಅಂತ ಕೆಲವರು ಸಂಡಿಗೆಗೆ ತಿರುಗಿಕೊಂಡಿದ್ದರೆ, ಮಳೆಯಿಂದ ಸಂಡಿಗೆ ಎಷ್ಟು ಇಳಿಯಬೇಕಿತ್ತೋ ಅಷ್ಟು ಇಳಿದಿರುವುದಿಲ್ಲ. ಆಗ ಮಳೆಯ ಪಾಲನ್ನು ನಾವು ಕಮ್ಮಿ ಎಣಿಸಿದ ಹಾಗಾಗುತ್ತದೆ. ಹಪ್ಪಳದ ಬದಲಿಗೆ ಅಂತ ಯಾರೂ ಕೊಳ್ಳದ ಸಾಮಾನು, ಉಪ್ಪಿನಕಾಯಿಯಂಥದ್ದು ಇದ್ದರೆ ಹೋಲಿಕೆಗೆ ಅದು ಇನ್ನೂ ಒಳ್ಳೆಯದು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಲಸಿನ ಹಪ್ಪಳದ ಎಲಾಸ್ಟಿಸಿಟಿ 0.83 ಅಂತ ಬರೆದಿಟ್ಟುಕೊಳ್ಳಬೇಡಿ. ಇದು ಹಪ್ಪಳದ ಗುಣ ಅಲ್ಲ, 120ರಿಂದ 150ರವರೆಗಿನ ಆ ತುಂಡು ದಾರಿಯ ಗುಣ. ಮುಂದೆ 180 ಮಾಡಿದರು, ಮತ್ತೆ 32 ಕಟ್ಟೇ ಕಮ್ಮಿಯಾಗಿ 126ಕ್ಕೆ ಬಂತು ಅಂತ ಊಹಿಸಿ. ಏರಿದ್ದು ಅದೇ 30 ರೂಪಾಯಿ, ಇಳಿದದ್ದು ಅದೇ 32 ಕಟ್ಟು. ಆದರೆ ಎಲಾಸ್ಟಿಸಿಟಿ 1.24 ಆಗುತ್ತದೆ, ಆದಾಯ 22,680ಕ್ಕೆ ಇಳಿಯುತ್ತದೆ. ಬೆಲೆ ಮೇಲೆ ಹೋದ ಹಾಗೆ 30 ರೂಪಾಯಿ ಅನ್ನುವುದು ಬೆಲೆಯ ಚಿಕ್ಕ ಪಾಲಾಗುತ್ತದೆ. ಮಾರಾಟ ಕಮ್ಮಿಯಾದ ಹಾಗೆ 32 ಕಟ್ಟು ಅನ್ನುವುದು ದೊಡ್ಡ ಪಾಲಾಗುತ್ತದೆ.

ಇಷ್ಟು ಹೊತ್ತು ಬಂದ ದುಡ್ಡಿನ ಮಾತಾಡಿದೆವು. ಉಳಿದ ದುಡ್ಡು ಬೇರೆ. ಅಕ್ಕನಿಗೆ ಒಂದು ಕಟ್ಟಿಗೆ ಬೀಳುವ ಖರ್ಚು 80 ರೂಪಾಯಿ, ಹಲಸಿನ ಸೊಳೆ ಬಿಡಿಸುವ ಕೂಲಿಯಿಂದ ಹಿಡಿದು ಪ್ಯಾಕೆಟ್‌ವರೆಗೆ. 120ಕ್ಕೆ 190 ಕಟ್ಟು ಮಾರಿದರೆ ಉಳಿಯುವುದು 7,600. 150ಕ್ಕೆ 158 ಕಟ್ಟು ಮಾರಿದರೆ 11,060. ಆದಾಯದಲ್ಲಿ 900ರ ವ್ಯತ್ಯಾಸ, ಉಳಿತಾಯದಲ್ಲಿ 3,460ರ ವ್ಯತ್ಯಾಸ. ಮೊದಲಿನ 200 ಕಟ್ಟಿನ ಹೋಲಿಕೆಯನ್ನೇ ನಂಬಿ, ಆದಾಯ 300 ಇಳಿಯಿತು ಅಂತಲೇ ಇಟ್ಟುಕೊಂಡರೂ, 42 ಕಟ್ಟು ಮಾಡುವ ಖರ್ಚು 3,360 ತಪ್ಪುತ್ತದೆ. ಆಗಲೂ ಬೆಲೆ ಏರಿಸಿದ್ದರಿಂದ ಲಾಭವೇ. ಹಾಗಾಗಿ ಎಲಾಸ್ಟಿಸಿಟಿ 1 ದಾಟಿತು ಅಂತ ಹೆದರಿ ಬೆಲೆ ಇಳಿಸಬಾರದು. 1ಕ್ಕಿಂತ ಕಮ್ಮಿ ಇದ್ದರೆ ಬೆಲೆ ಏರಿಸಲು ಜಾಗ ಇದೆ ಅಂತ ಧೈರ್ಯವಾಗಿ ಹೇಳಬಹುದು. ದುಡ್ಡು ಜಾಸ್ತಿ ಬರುತ್ತದೆ, ಮಾಡುವ ಕೆಲಸ ಕಮ್ಮಿಯಾಗುತ್ತದೆ. 1 ದಾಟಿದ ಮೇಲೆ ಖರ್ಚನ್ನು ಜೊತೆಗೆ ಹಾಕದೆ ಯಾವ ಮಾತೂ ಹೇಳಲಾಗದು.

ಇಲ್ಲಿ ಮುಂದೆ ಕೂತ ಒಬ್ಬ ಅಕ್ಕ ತಲೆ ಅಲ್ಲಾಡಿಸಿ ಒಂದು ಮಾತು ಕೇಳಿದರು. "ಮೇಷ್ಟ್ರೇ, ಹಪ್ಪಳ ಮಾಡೋದು ಏಪ್ರಿಲ್, ಮೇ ಬಿಸಿಲಲ್ಲಿ. ಜುಲೈಗೆ ಖರ್ಚು ಆಗಿಹೋಗಿರುತ್ತೆ. ಮಾರಾಟ ಆಗದ ಕಟ್ಟಿನ ಖರ್ಚು ಎಲ್ಲಿ ಉಳೀತು?"

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಈ ವರ್ಷದ ಹಪ್ಪಳ ಒಣಗಿ ಡಬ್ಬಿಯಲ್ಲಿದೆ. 80 ರೂಪಾಯಿ ಆಗಲೇ ಖರ್ಚಾಗಿದೆ. ಮಾರಾಟವಾಗದ ಕಟ್ಟು ಮುಂದಿನ ತಿಂಗಳು, ಗಣೇಶನ ಹಬ್ಬಕ್ಕೆ, ಅದೇ ಬೆಲೆಗೆ ಹೋಗುತ್ತದೆ ಅಂತಾದರೆ ಅದು ನಷ್ಟವಲ್ಲ, ಕಾಯುತ್ತಿರುವ ದುಡ್ಡು. ಆದರೆ ತಂಡಿಗೆ ಮೆತ್ತಗಾಗಿ ಬೂಸಲು ಹಿಡಿಯುವ ಭಯ ಇದ್ದರೆ, ಕೈಯಲ್ಲಿರುವ ಮಾಲಿಗೆ ಉಳಿತಾಯದ ಲೆಕ್ಕ ಬೇಡ, ಒಟ್ಟು ಎಷ್ಟು ಬರುತ್ತದೆ ಅನ್ನುವುದೊಂದೇ ಲೆಕ್ಕ. ಆಗ ಎಲಾಸ್ಟಿಸಿಟಿ 1ರ ಹತ್ತಿರ ಬರುವ ಬೆಲೆಯಲ್ಲಿ ನಿಲ್ಲಬೇಕು. ಖರ್ಚು ಸೇರಿಸಿದ ಲೆಕ್ಕ ಬೇಕಾಗುವುದು ಮುಂದಿನ ಬೇಸಿಗೆಗೆ ಎಷ್ಟು ಕಟ್ಟು ಮಾಡಬೇಕು ಅಂತ ನಿರ್ಧರಿಸುವಾಗ. ಒಂದೇ ಪುಸ್ತಕ, ಎರಡು ಪ್ರಶ್ನೆ. ಇದನ್ನು ನಾನು ತರಗತಿಯಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ, ಆ ಅಕ್ಕನಿಂದ ಕಲಿತೆ.

ಸೊರಬದ ಕಡೆಯ ಒಬ್ಬ ಯುವಕ ಎದ್ದು ಶುಂಠಿಯ ಮಾತು ಎತ್ತಿದ. "ಸರ್, ನಾವು ಬೆಲೆ ಏರಿಸೋ ಹಾಗೇ ಇಲ್ಲ. ನಮಗೆ ಈ ಲೆಕ್ಕ ಯಾಕೆ?"

ನಿಜ. ಶುಂಠಿ ಚೀಲಕ್ಕೆ ಮಾರ್ಕೆಟ್ ರೇಟಿಗಿಂತ ನೂರು ರೂಪಾಯಿ ಜಾಸ್ತಿ ಕೇಳಿದರೆ ವ್ಯಾಪಾರಿ ಪಕ್ಕದ ಹೊಲಕ್ಕೆ ಹೋಗುತ್ತಾನೆ. ಒಬ್ಬ ರೈತನ ಶುಂಠಿಗೆ ಎಲಾಸ್ಟಿಸಿಟಿ ಅಳತೆಗೆ ಸಿಗದಷ್ಟು ದೊಡ್ಡದು. ಅಕ್ಕನ ಹಪ್ಪಳಕ್ಕೆ ಕೈರುಚಿಯ ಹೆಸರಿದೆ, ಹೋಲಿಸಿ ಬಿಟ್ಟುಹೋಗುವುದು ಕಷ್ಟ. ಶುಂಠಿಗೆ ಆ ಹೆಸರಿಲ್ಲ. ಆದರೆ ಎಲ್ಲ ರೈತರ ಶುಂಠಿಯನ್ನೂ ಒಟ್ಟು ಸೇರಿಸಿ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಅಗ್ಗವಾಯಿತು ಅಂತ ಯಾರೂ ಚಹಾಕ್ಕೆ ಎರಡು ಪಾಲು ಶುಂಠಿ ಹಾಕುವುದಿಲ್ಲ. ಇಡೀ ಮಾರುಕಟ್ಟೆಯ ಎಲಾಸ್ಟಿಸಿಟಿ ತುಂಬ ಕಮ್ಮಿ.

ಇದರ ಹಳೆಯ ಲೆಕ್ಕವೊಂದು ಇದೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡ್ಯಾವನೆಂಟ್ ಅನ್ನುವವರು 1699ರಲ್ಲಿ ಅಚ್ಚು ಹಾಕಿಸಿದ್ದು. ಅದನ್ನು ಗ್ರೆಗರಿ ಕಿಂಗ್ ಅವರ ಹೆಸರಿನಿಂದ ಕರೆಯುತ್ತಾರೆ. ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಮ್ಮಿಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ ಅನ್ನುತ್ತದೆ ಅದು. ನೂರು ಚೀಲ, ಚೀಲಕ್ಕೆ ಹತ್ತು ಅಂದರೆ 1,000. ತೊಂಬತ್ತು ಚೀಲ, ಚೀಲಕ್ಕೆ ಹದಿಮೂರು ಅಂದರೆ 1,170. ಮಧ್ಯಬಿಂದುವಿನಲ್ಲಿ ಹಾಕಿದರೆ ಎಲಾಸ್ಟಿಸಿಟಿ ಸುಮಾರು 0.4. ಬೆಳೆ ಕಮ್ಮಿಯಾದ ವರ್ಷ ಬೆಳೆಗಾರರಿಗೆಲ್ಲ ಸೇರಿ ದುಡ್ಡು ಜಾಸ್ತಿ. ತಿರುಗಿಸಿ ಓದಿದರೆ, ಎಲ್ಲರ ಹೊಲದಲ್ಲೂ ಚೆನ್ನಾಗಿ ಬೆಳೆದ ವರ್ಷ ಎಲ್ಲರಿಗೂ ಸೇರಿ ದುಡ್ಡು ಕಮ್ಮಿ. ಹೋದ ವರ್ಷದ ರೇಟು ನೋಡಿ ಊರೆಲ್ಲ ಶುಂಠಿ ಹಾಕಿದಾಗ ಆಗುವುದು ಇದೇ. ಅದರಲ್ಲಿ ಯಾರ ದಡ್ಡತನವೂ ಇಲ್ಲ. ಒಬ್ಬೊಬ್ಬರಿಗೂ ಜಾಸ್ತಿ ಬೆಳೆಯುವುದೇ ಸರಿ, ಎಲ್ಲರೂ ಜಾಸ್ತಿ ಬೆಳೆದಾಗ ಎಲ್ಲರಿಗೂ ನಷ್ಟ. ಆ ಯುವಕನಿಗೆ ಈ ಲೆಕ್ಕ ಬೇಕಾಗುವುದು ಬೆಲೆ ಇಡಲು ಅಲ್ಲ, ಬೀಜದ ಶುಂಠಿಗೆ ದುಡ್ಡು ಹಾಕುವ ಮೊದಲು ಸುತ್ತಮುತ್ತ ಎಷ್ಟು ಎಕರೆ ಹಾಕುತ್ತಿದ್ದಾರೆ ಅಂತ ವಿಚಾರಿಸಲು.

ಸಭೆ ಮುಗಿದ ಮೇಲೆ ಹಪ್ಪಳದ ಅಕ್ಕನೂ ಮಗನೂ ಬಂದರು. 180ಕ್ಕೆ ಹೋದರೆ ಉಳಿತಾಯ ಇನ್ನೂ ಜಾಸ್ತಿ ಬರುತ್ತಲ್ಲ ಅಂತ ಮಗ ಆಗಲೇ ಗುಣಿಸಿ ನೋಡಿದ್ದ. 126 ಕಟ್ಟಿಗೆ ನೂರರಂತೆ 12,600. ಗುಣಾಕಾರ ಸರಿ. ಆದರೆ ಆ 126 ನಾನು ಊಹಿಸಿ ಬರೆದದ್ದು, ಯಾವ ಗಿರಾಕಿಯೂ ಕೊಟ್ಟ ಉತ್ತರ ಅಲ್ಲ. ನೋಡದ ಬೆಲೆಗೆ ನೋಡಿದ ಬೆಲೆಯ ಲೆಕ್ಕ ಹಚ್ಚಬಾರದು ಅಂದೆ.

ಆಮೇಲೆ ಮೂವರೂ ಕೂತು ಒಂದು ಏರ್ಪಾಡು ಮಾಡಿಕೊಂಡೆವು. ಅವರು ಮಾಲು ಕೊಡುವ ಅಂಗಡಿಗಳಲ್ಲಿ ಎರಡು ಹೆಚ್ಚುಕಮ್ಮಿ ಒಂದೇ ಥರದವು, ಆದರೆ ಊರಿನ ಬೇರೆ ಬೇರೆ ಮೂಲೆಯಲ್ಲಿವೆ. ಬರುವ ತಿಂಗಳು ಮೊದಲ ಎರಡು ವಾರ ಒಂದರಲ್ಲಿ 150, ಇನ್ನೊಂದರಲ್ಲಿ 165. ಮುಂದಿನ ಎರಡು ವಾರ ಅದಲು ಬದಲು. ಮಳೆ ಬಂದರೆ ಎರಡಕ್ಕೂ ಬರುತ್ತದೆ, ಹಬ್ಬ ಬಂದರೆ ಎರಡಕ್ಕೂ ಬರುತ್ತದೆ. ಪ್ರತಿ ಶನಿವಾರ ಎಷ್ಟು ಕಟ್ಟು ಹೋಯಿತು ಅಂತ ಮಗ ಬರೆಯುತ್ತಾನೆ. ಪುಸ್ತಕದಲ್ಲಿ ಅಕ್ಕ ಆಗಲೇ ಎರಡು ಕಾಲಂ ಗೆರೆ ಎಳೆದಿದ್ದರು. ಪಕ್ಕದಲ್ಲಿ ಸಂಡಿಗೆಗೆ ಮೂರನೆಯದು.